ನಾಲ್ಕು ಚಾನೆಲ್ ಉಳಿಸಿ ಉಳಿದದ್ದು ತಗಿಸಿದ್ರ ಬಿಲ್ಲು 7 ರೂಪಾಯಿ ಏರೈತಿ, ಯಾಕ್ರಿ?

ನವನಗರ_ಸೆಕ್ಟರ್ (ಬಾಗಲಕೋಟೆ)
ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ಮನ್ಯಾಗ ಕೇಬಲ್ ಐತಿ, ತಿಂಗಳಿಗೆ 355 ರೂಪಾಯಿ. ಅಪ್ಪಾಜಿ "ಕನೆಕ್ಷನ್ನ ತಗಸ್ರಿ" ಅಂದ್ರು. ಅವ್ವ ಎರಡು ದಿನ ಮಾತು ಬಿಟ್ಲು. ಹಂಗಾಗಿ ಬೇಡಾದ ಚಾನೆಲ್ ಅಷ್ಟೇ ತಗಿಸೂದು ಅಂತ ಆತು. ಕೇಬಲ್ ಅಣ್ಣಗ ಫೋನ್ ಮಾಡಿ ಒಂದು ಬೊಕೆ ತಗಿಸಿ, ಅದರಾಗಿಂದ ನಾವು ನೋಡೂ ನಾಲ್ಕು ಚಾನೆಲ್ ಅಷ್ಟ ಬಿಡಿಯಾಗಿ ಹಾಕಿಸಿದೆ. ಈ ತಿಂಗಳ ಬಿಲ್ಲು 362! ಹತ್ತಕ್ಕಿಂತ ಜಾಸ್ತಿ ಚಾನೆಲ್ ಕಡಿಮಿ ಆಗ್ಯಾವ, ರೊಕ್ಕ ಮಾತ್ರ ಏರೈತಿ. ಅವರು ತಪ್ಪು ಹಾಕ್ಯಾರೋ, ನಾನ ತಪ್ಪು ಮಾಡೀನೋ?

ಗೋಳಗುಮ್ಮಟ_ನೆರಳು (ವಿಜಯಪುರ)
ತಪ್ಪು ಅವರದ ಅದ. 130 ರೂಪಾಯಿ ನೆಟ್‌ವರ್ಕ್ ಶುಲ್ಕ ಅಂತ ಸರ್ಕಾರನ ಕಟ್ಟ್ಯಾದ, ಜಿಎಸ್‌ಟಿ ಸೇರಿ 153. ಚಾನೆಲ್ ಕಡಿಮಿ ಮಾಡಿದ್ರ ಆ 130 ಸುದ್ದಾ ಕಡಿಮಿ ಆಗಬೇಕು. ಜಗಳಾಡ್ರಿ, ಬಿಡಬ್ಯಾಡ್ರಿ.

ಶಹಾಪುರ_ಆಯಿ (ಬೆಳಗಾವಿ)
ಕನೆಕ್ಷನ್ ತಗಸೂದಿದ್ರ ಡಿಡಿ ಫ್ರೀ ಡಿಶ್ ಹಾಕಿಸ್ರಿ, ತಿಂಗಳಿಗೆ ರೊಕ್ಕನ ಇಲ್ಲ. ನಾವು ಹಂಗ ಮಾಡಿದ್ವಿ. ಆದ್ರ ನಮ್ಮ ಅತ್ತಿ ನೋಡೂ ಮರಾಠಿ ಧಾರಾವಾಹಿ ಅದರಾಗ ಸಿಗಲಿಲ್ಲ. ಆರು ತಿಂಗಳು ತಡದು ಮತ್ತ ಡಿಟಿಎಚ್‌ಗೆ ಬಂದ್ವಿ.

ನವನಗರ_ಸೆಕ್ಟರ್
ಆಯಿ, ಕನೆಕ್ಷನ್ ತಗಸೂದಲ್ರಿ. ಬಿಲ್ಲು ಇಳಿಸೂದು.

ಕೇಬಲ್_ಮುತ್ಯಾ (ಇಳಕಲ್)
ಇಪ್ಪತ್ತು ವರ್ಷ ಈ ಧಂಧೆ ಮಾಡಿ ಬಿಟ್ಟವನು ನಾನು. ವಿಜಯಪುರದ ತಮ್ಮ, ಆ 130ರ ಮಾತು ಅರ್ಧ ಖರೆ. 2019ರಾಗ ಹೊಸ ದರಪದ್ಧತಿ ಬಂದಾಗ ಟ್ರಾಯ್ ಅದನ್ನ ಗರಿಷ್ಠ ಅಂತ ಇಟ್ಟಿತ್ತು. 2024ರ ಜುಲೈದಾಗ ಆ ಮಿತಿನ ತಗದು ಹಾಕಿದರು, ಈಗ ಎಷ್ಟು ತಗೊಳ್ಳೂದು ಅನ್ನೂದು ಆಪರೇಟರಗೆ ಬಿಟ್ಟಿದ್ದು. ಇನ್ನ ಹಣ ಕೊಡೂ ಚಾನೆಲ್ ತಗಿಸಿದ್ರ ನೆಟ್‌ವರ್ಕ್ ಶುಲ್ಕ ಇಳಿಯೂದಿಲ್ಲ. ಅದು ನಿಮ್ಮ ಮನಿತನ ತಂತಿ ತಂದದ್ದಕ್ಕ ಕೊಡೂ ಬಾಡಿಗೆ ಇದ್ದಂಗ. ಕೊಠಡಿಯೊಳಗಿನ ಸಾಮಾನು ಕಡಿಮಿ ಮಾಡಿದ್ರ ಬಾಡಿಗೆ ಇಳಿಯತೈತೇನು?

ನವನಗರದವರ, ಬಿಲ್ಲಿನ ಬಿಡಿ ಲೆಕ್ಕ ಇಲ್ಲೆ ಹಾಕ್ರಿ. ಒಟ್ಟು ಮೊತ್ತ ನೋಡಿದ್ರ ಏನೂ ತಿಳಿಯಂಗಿಲ್ಲ.

ನವನಗರ_ಸೆಕ್ಟರ್
ಹಳೇ ಬಿಲ್ಲು ನೋಡಿ ಬರದೀನ್ರಿ. ನೆಟ್‌ವರ್ಕ್ 130. ಒಂದನೇ ಕಂಪನಿ ಬೊಕೆ 54. ಎರಡನೇ ಕಂಪನಿ ಬೊಕೆ 49. ಕ್ರೀಡೆ ಬೊಕೆ 30. ಎಚ್‌ಡಿ ಎರಡು ಚಾನೆಲ್, 19 ಮತ್ತು 19. ಒಟ್ಟು 301, ಮ್ಯಾಲ ಶೇ. 18 ಜಿಎಸ್‌ಟಿ.

ನಾನು ತಗಿಸಿದ್ದು ಒಂದನೇ ಬೊಕೆ. ಬದಲಿಗೆ ಅದರಾಗಿಂದ ಕನ್ನಡ ಧಾರಾವಾಹಿ 19, ಮರಾಠಿ 19, ಕನ್ನಡ ಸಿನಿಮಾ 12, ಹಿಂದಿ ಸಿನಿಮಾ 10 ಹಾಕಿಸಿದೆ. ಎರಡನೇ ಬೊಕೆದಾಗ ಅವ್ವ ನೋಡೂದು ಒಂದ ಚಾನೆಲ್ಲು, ರಾತ್ರಿ ಎಂಟರ ಧಾರಾವಾಹಿ ಬರೂದು. ಅದರ ದರ 19.

ಕೇಬಲ್_ಮುತ್ಯಾ
ಸಿಕ್ಕಿತು ನೋಡ್ರಿ. ನೀವು ಮುರಿಬಾರದ ಬೊಕೆ ಮುರದೀರಿ, ಮುರಿಯೂದನ್ನ ಬಿಟ್ಟೀರಿ.

ಬೊಕೆ ಅಂದ್ರ ಸಗಟು. ಬಿಡಿ ದರ ಕೂಡಿಸಿದ್ದಕ್ಕಿಂತ ಶೇ. 45ರ ತನಕ ಕಡಿಮಿಗೆ ಕೊಡಾಕ ಕಂಪನಿಗೆ ಅವಕಾಶ ಐತಿ. ಹಂಗಾಗಿ ಬೊಕೆದಾಗ ನೀವು ನೋಡೂ ಚಾನೆಲ್ ಮೂರು ನಾಲ್ಕು ದಾಟಿದ್ರ ಬೊಕೆನ ಅಗ್ಗ. ನಿಮ್ಮ ನಾಲ್ಕು ಬಿಡಿ ಕೂಡಿಸ್ರಿ: 60. ಬೊಕೆ 54. ಆರು ರೂಪಾಯಿ ಜಾಸ್ತಿ, ಅದಕ್ಕ ಜಿಎಸ್‌ಟಿ, 7 ಆತು. ಕೇಬಲ್‌ದವರು ಲೆಕ್ಕ ಸರಿ ಹಾಕ್ಯಾರ, ಪಾಪ ಅವರ ಮ್ಯಾಲ ಹೋಗಬ್ಯಾಡ್ರಿ.

ಎರಡನೇದಕ್ಕ ಬರ್ರಿ. 49 ಕೊಟ್ಟು ಅವ್ವಾರು ನೋಡೂದು 19ರ ಒಂದು ಚಾನೆಲ್. ಆ ಬೊಕೆ ತಗಿಸಿ ಚಾನೆಲ್ ಬಿಡಿಯಾಗಿ ಹಾಕಿಸ್ರಿ, 30 ಉಳೀತು. ಬಿಡಿ ಚಾನೆಲ್ ಇಲ್ಲ ಅಂತ ಹೇಳಿದ್ರ ಕೇಳಬ್ಯಾಡ್ರಿ, ಕೊಡಲೇಬೇಕು. ಹೌದು, ರಿಮೋಟಿನ ಮಾಹಿತಿ ಗುಂಡಿ ಒತ್ತಿ ನೋಡ್ರಿ, ಚಾನೆಲ್ ಹೆಸರಿನ ಬಾಜೂಕ ದರ ಕಾಣತೈತಿ.

ಎಚ್‌ಡಿ ಎರಡರ ಕಥಿ ಏನು? ಅವು ಬೊಕೆದಾಗಿನ ಚಾನೆಲ್ಲಿನ ಎಚ್‌ಡಿ ರೂಪ ಏನು? ಮತ್ತ ಟಿವಿ ಹಿಂದ ಯಾವ ತಂತಿ ಐತಿ?

ನವನಗರ_ಸೆಕ್ಟರ್
ಹೌದ್ರಿ, ಅವೇ ಎರಡು ಕನ್ನಡ ಧಾರಾವಾಹಿ ಚಾನೆಲ್ಲಿನ ಎಚ್‌ಡಿ. ಎರಡು ವರ್ಷದ ಹಿಂದ ಹೊಸ ಬಾಕ್ಸ್ ಕೊಟ್ಟಾಗ "ಒಂದು ತಿಂಗಳು ಪುಕ್ಕಟ" ಅಂತ ಹಾಕಿದ್ರು. ಟಿವಿ ಹಿಂದ ಕೆಂಪು, ಬಿಳಿ, ಹಳದಿ ಮೂರು ಪಿನ್ನಿನ ತಂತಿ.

ಕೇಬಲ್_ಮುತ್ಯಾ
ಹಂಗಿದ್ರ ಎರಡು ವರ್ಷ ಹೊಗೆಗೆ ರೊಕ್ಕ ಕೊಟ್ಟೀರಿ. ಮೂರು ಬಣ್ಣದ ತಂತಿಯೊಳಗ ಎಚ್‌ಡಿ ಹಾಯೂದಿಲ್ಲ. ಬಾಕ್ಸ್ ಚಿತ್ರಾನ ಸಾದಾ ಮಾಡೇ ಕಳಿಸತೈತಿ. ಎಚ್‌ಡಿಎಂಐ ತಂತಿ ಹಾಕಿದ್ರ ಮಾತ್ರ ಫರಕು. ಅಂದ್ರ ಒಂದ ಚಾನೆಲ್ಲಿಗೆ ಎರಡು ಸಲ ದುಡ್ಡು. ಎರಡೂ ಎಚ್‌ಡಿ ತಗಿಸ್ರಿ, 38 ಉಳೀತು. ಒಂದನೇ ಬೊಕೆ ಮತ್ತ ಹಾಕಿಸಿ, ಬಿಡಿ ನಾಲ್ಕು ತಗಿಸ್ರಿ. ಇದನ್ನ ಒಂದ ಫೋನ್‌ನಾಗ ಹೇಳ್ರಿ, ಇಲ್ಲಾಂದ್ರ ಒಂದು ದಿನ ಅವ್ವಾರ ಪರದೆ ಕಪ್ಪು ಆದೀತು.

301ರಾಗ 68 ಹೋದ್ರ 233. ಜಿಎಸ್‌ಟಿ ಕೂಡಿ 275 ಹತ್ರ. ಕ್ರೀಡೆನೂ ತಗಿಸಿದ್ರ 240.

ಶಹಾಪುರ_ಆಯಿ
ಒಂದು ಮಾತು. ನಮ್ಮ ಡಿಟಿಎಚ್‌ದಾಗ ವರ್ಷದ ರೀಚಾರ್ಜ್ ಮಾಡಿದ್ವಿ, ನಡುವ ಚಾನೆಲ್ ತಗಿಸಿದ್ರ ರೊಕ್ಕ ವಾಪಸ್ ಬರ್ತೈತಿ ಅಂದ್ಕೊಂಡಿದ್ವಿ. ಬರಲಿಲ್ಲ, ರೀಚಾರ್ಜಿನ ಕರಾರು ಓದಿರಲಿಲ್ಲ. ತಿಂಗಳ ಲೆಕ್ಕದ್ದಿದ್ರ ದಿನಾ ಕಡಿಮಿ ಕತ್ತರಸ್ತಾರ, ಬ್ಯಾಲೆನ್ಸ್ ಜಾಸ್ತಿ ದಿನ ಬರ್ತೈತಿ. ವರ್ಷದ್ದು ಹಾಕೂಕಿಂತ ಮೊದಲ ಪಟ್ಟಿ ಸರಿಪಡಿಸ್ರಿ.

ಗೋಳಗುಮ್ಮಟ_ನೆರಳು
ಮುತ್ಯಾ, ನನ್ನ ಮಾತು ತಪ್ಪಾತು ಬಿಡ್ರಿ. ಆದ್ರ ನಮ್ಮ ಊರಾಗ ಬಿಲ್ಲೇ ಕೊಡೂದಿಲ್ಲ. 350 ಅಂತಾರ, ಚಾನೆಲ್ ತಗಿಸಿದ್ರೂ 350. ಅವರಿಗೆ ಪ್ಯಾಕ್ ಇರೂದು ಒಂದ, ತಗೊಳ್ರಿ ಇಲ್ಲಾ ಬಿಡ್ರಿ. ಏನ ಮಾಡೂದು?

ಕೇಬಲ್_ಮುತ್ಯಾ
ಬಿಲ್ಲು ಇಲ್ಲದ ಕಡೆ ಲೆಕ್ಕ ಹೆಂಗ ಮಾಡ್ತೀರಿ, ಅದ ದೊಡ್ಡ ಕಷ್ಟ. ಮೊದಲು ವಾಟ್ಸಾಪ್‌ನಾಗ ಬರದು ಕೇಳ್ರಿ: "ನನ್ನ ಬಾಕ್ಸಿಗೆ ಯಾವ ಬೊಕೆ, ಯಾವ ಬಿಡಿ ಚಾನೆಲ್ ಹಾಕೀರಿ, ಪಟ್ಟಿ ಕೊಡ್ರಿ" ಅಂತ. ಬಾಕ್ಸಿನ ಹಿಂದಿನ ನಂಬರ್ ಹಾಕ್ರಿ. ಬಾಯಿಮಾತಿಗೆ ಬೆಲೆ ಇಲ್ಲ, ಬರದದ್ದಕ್ಕ ಅಂಜಿಕಿ ಇರತೈತಿ. ಅದಾಗಲಿಲ್ಲಂದ್ರ ನಿಮ್ಮ ಓಣಿಯವನಿಗೆ ಸಿಗ್ನಲ್ ಕೊಡೂ ದೊಡ್ಡ ಕಂಪನಿಯ ಗ್ರಾಹಕ ಸಂಖ್ಯೆಗೆ ಫೋನ್ ಮಾಡ್ರಿ. ಹಂಗ ಮಾಡಿದ ಮ್ಯಾಲೂ ಆಗದಿದ್ದ ಮನಿ ನಾ ನೋಡೀನಿ, ಸುಳ್ಳು ಹೇಳೂದಿಲ್ಲ.

ನವನಗರ_ಸೆಕ್ಟರ್ (ಎಂಟು ದಿನದ ನಂತರ)
ಕೇಬಲ್ ಅಣ್ಣ "ನಡು ತಿಂಗಳದಾಗ ಬದಲಾಯ್ಸಿದ್ರ ಈ ತಿಂಗಳ ರೊಕ್ಕ ಹೋತು" ಅಂದ. ಹಂಗಾಗಿ ತಿಂಗಳು ಮುಗಿಯೂ ದಿನಾನ ಹೇಳಿದೆ. ಬಾಕ್ಸ್ ಚಾಲೂ ಇಟ್ಟು ಕುಂತಿದ್ವಿ, ಸಂಜಿ ಆರರ ಹೊತ್ತಿಗೆ ಎಚ್‌ಡಿ ಎರಡೂ ಬಂದ್ ಆದ್ವು. ಅವ್ವ ಗಾಬರಿಯಾದ್ಲು, ಹಳೇ ಸಾದಾ ನಂಬರ್ ಒತ್ತಿಸಿದ ಮ್ಯಾಲ ಸಮಾಧಾನ. ಹೊಸ ಬಿಲ್ಲು 275. ಅಪ್ಪಾಜಿ ಓದಿ ನೋಡಿ, "ಕ್ರಿಕೆಟ್ ಮುಗಿದ ಮ್ಯಾಲ ಆ 30ಕ್ಕೂ ಕೈ ಹಚ್ಚು" ಅಂದ್ರು. ಈಗ ತಮ್ಮ ಮಾತು ಬಿಟ್ಟಾನ.

ಗೋಳಗುಮ್ಮಟ_ನೆರಳು
ನಮಗ ಪಟ್ಟಿ ಬಂತ್ರಿ, ವಾಟ್ಸಾಪ್ ಕೆಲಸ ಮಾಡ್ತು. ಅದರಾಗ "ಲೋಕಲ್ ಚಾನೆಲ್ 20" ಅಂತ ಒಂದು ಸಾಲು ಅದ. ನಮ್ಮ ಊರಿನ ಮದುವಿ, ಜಾತ್ರಿ ವಿಡಿಯೋ ಹಾಕೂ ಚಾನೆಲ್ಲು. ಇದನ್ನೂ ತಗಿಸಾಕ ಆಗ್ತದೇನು ಮುತ್ಯಾ, ಅಥವಾ ಇದು ಅವರದೇ ಖಾಸಗಿ ಲೆಕ್ಕಾನೋ?