ಅರವತ್ತು ಪ್ರಬಂಧ, ಇಬ್ಬರು ಮೌಲ್ಯಮಾಪಕರು, ಕಪ್ಪಾ ಮಾತ್ರ 0.31

ಕೇಳಿದವರು (ಎಂ.ಎಡ್. ವಿದ್ಯಾರ್ಥಿನಿ):
ಒಂಬತ್ತನೇ ಕ್ಲಾಸಿನ ಮಕ್ಕಳು ಬರೆದ 60 ಕನ್ನಡ ಪ್ರಬಂಧಗಳನ್ನು ನಾನು ಮತ್ತು ನನ್ನ ಸಹೋದ್ಯೋಗಿ ಬೇರೆ ಬೇರೆ ಕೂತು ನೋಡಿದೆವು. ರುಬ್ರಿಕ್‌ನಲ್ಲಿ ಅಂದರೆ ಅಂಕ ಕೊಡುವ ಮಾನದಂಡದಲ್ಲಿ, 1ರಿಂದ 4ರವರೆಗೆ ಹಂತಗಳಿವೆ. ‘ವಿಚಾರಗಳ ಜೋಡಣೆ’ ಅನ್ನುವ ಅಂಶದಲ್ಲಿ 41 ಪ್ರಬಂಧಕ್ಕೆ ಇಬ್ಬರೂ ಒಂದೇ ಹಂತ ಕೊಟ್ಟಿದ್ದೇವೆ, ಅಂದರೆ ಶೇ. 68. ಆದರೆ ಇಬ್ಬರ ಹೊಂದಾಣಿಕೆ ಅಳೆಯುವ ಕಪ್ಪಾ ಬರೀ 0.31 ಬರ್ತಿದೆ. ಗೈಡ್ 0.6 ಬೇಕೇ ಬೇಕು ಅಂತಾರೆ. ಎಲ್ಲಿ ತಪ್ಪಿದೆ? ಅನುಭವ ಇದ್ದವರು ಹೇಳಿ.

ಹೈಸ್ಕೂಲ್ ಕನ್ನಡ ಮೇಷ್ಟ್ರು:
ನಮಗೂ ಹೀಗೇ ಆಗಿತ್ತು ಮೇಡಂ. ತಲೆ ಕೆಡಿಸಿಕೊಳ್ಳಬೇಡಿ. ಹೊಂದದೇ ಇರೋ 19 ಪ್ರಬಂಧ ಎತ್ತಿಟ್ಟುಕೊಂಡು ಇಬ್ಬರೂ ಒಂದು ಮಧ್ಯಾಹ್ನ ಕೂತು ಮಾತಾಡಿ. ಯಾರದು ಸರಿ ಅನ್ನಿಸುತ್ತೋ ಆ ಅಂಕ ಇಟ್ಟು ಮತ್ತೆ ಲೆಕ್ಕ ಹಾಕಿ. ನಮ್ಮದು ಒಂದೇ ದಿನದಲ್ಲಿ 0.8 ದಾಟಿತು. ಇಲ್ಲದಿದ್ರೆ ಕಪ್ಪಾ ಬಿಟ್ಟು ಕೋರಿಲೇಶನ್ ಕೊಡಿ, ಅದು ಯಾವಾಗಲೂ ಜಾಸ್ತಿನೇ ಬರುತ್ತೆ.

ಪರೀಕ್ಷಾ ಮಾಪನದಲ್ಲಿ ಕೆಲಸ ಮಾಡುವವರು:
ಮೇಷ್ಟ್ರೇ, ಕೂತು ಮಾತಾಡಬೇಕು ಅನ್ನೋದು ನೂರಕ್ಕೆ ನೂರು ಸರಿ. ಆದರೆ ಮಾತಾಡಿ ತಿದ್ದಿದ ಅಂಕದ ಮೇಲೆ ಕಪ್ಪಾ ಹಾಕಬಾರದು. ಆಗ ಅಳೆಯುವುದು ಇಬ್ಬರ ಓದಿನ ಹೊಂದಾಣಿಕೆಯನ್ನಲ್ಲ, ಇಬ್ಬರ ರಾಜಿಯನ್ನು.

ಮೇಡಂ, ಶೇಕಡಾ ಲೆಕ್ಕ ಒಂದರಿಂದ ಏನೂ ಹೇಳಲಾಗದು. ನೀವು ಯಾವ ಹಂತ ಕೊಟ್ಟಾಗ ಅವರು ಯಾವುದು ಕೊಟ್ಟರು ಅನ್ನುವ 4×4 ಪಟ್ಟಿ ಹಾಕಿ.

ಕೇಳಿದವರು:
ಅಡ್ಡ ಸಾಲುಗಳು ನನ್ನವು, ಕಂಬ ಸಾಲುಗಳು ಸಹೋದ್ಯೋಗಿಯವು.

| | ಅವರ 1 | ಅವರ 2 | ಅವರ 3 | ಅವರ 4 | ಒಟ್ಟು |
|---|---|---|---|---|---|
| ನನ್ನ 1 | 1 | 1 | 0 | 0 | 2 |
| ನನ್ನ 2 | 1 | 4 | 5 | 0 | 10 |
| ನನ್ನ 3 | 0 | 4 | 34 | 4 | 42 |
| ನನ್ನ 4 | 0 | 0 | 4 | 2 | 6 |
| ಒಟ್ಟು | 2 | 9 | 43 | 6 | 60 |

ಪರೀಕ್ಷಾ ಮಾಪನದಲ್ಲಿ ಕೆಲಸ ಮಾಡುವವರು:
ಈಗ ಕಾಣಿಸಿತು. ನೀವು 42 ಮಕ್ಕಳಿಗೆ 3 ಕೊಟ್ಟಿದ್ದೀರಿ, ಅವರು 43 ಮಕ್ಕಳಿಗೆ. ಒಂದು ತಮಾಷೆ ಮಾಡಿ ನೋಡೋಣ. ನಿಮ್ಮ ಸಹೋದ್ಯೋಗಿ ಒಂದು ಸಾಲೂ ಓದದೆ, ಚಹಾ ಕುಡಿಯುತ್ತಾ ಅರವತ್ತಕ್ಕೂ 3 ಅಂತ ಬರೆದಿದ್ದರೆ? 42 ಪ್ರಬಂಧದಲ್ಲಿ ನಿಮ್ಮ ಜೊತೆ ಹೊಂದುತ್ತಿತ್ತು. ಅದು ಶೇ. 70. ಪಾಪ, ಅವರು ಶ್ರದ್ಧೆಯಿಂದ ಓದಿದ್ದಕ್ಕೆ ಸಿಕ್ಕಿದ್ದು ಶೇ. 68! ಶೇಕಡಾ ಲೆಕ್ಕವನ್ನು ನಂಬಬಾರದು ಅನ್ನೋದು ಇದಕ್ಕೇ. ಓದದೆ ಕೊಟ್ಟ ಆ ಅಂಕಗಳಿಗೆ ಕಪ್ಪಾ ಸರಿಯಾಗಿ ಸೊನ್ನೆ ಬರುತ್ತದೆ.

ಕಪ್ಪಾ ಮಾಡುವುದು ಇಷ್ಟೇ. ನೀವಿಬ್ಬರೂ ಕೊಟ್ಟ ಒಟ್ಟು 1, 2, 3, 4ಗಳ ಎಣಿಕೆಯನ್ನು ಹಾಗೇ ಇಟ್ಟುಕೊಂಡು, ಅವನ್ನು ಪ್ರಬಂಧಗಳ ಮೇಲೆ ಸುಮ್ನೆ ಎರಚಿದರೆ ಎಷ್ಟು ಹೊಂದುತ್ತಿತ್ತು ಅಂತ ನೋಡುತ್ತದೆ. ನಿಮ್ಮ ಪಟ್ಟಿಯಲ್ಲಿ:

```
(2×2 + 10×9 + 42×43 + 6×6) / 3600 = 0.538
(0.683 − 0.538) / (1 − 0.538) = 0.31
```

ಅಂದರೆ ಶೇ. 54ರಷ್ಟು ಹೊಂದಾಣಿಕೆ ಓದದಿದ್ದರೂ ಬರುತ್ತಿತ್ತು. ಓದಿ ಗಳಿಸಲು ಉಳಿದದ್ದು 46. ಅದರಲ್ಲಿ ನೀವು ಗಳಿಸಿದ್ದು ಹದಿನಾಲ್ಕೂವರೆ. ನಿಮ್ಮ ಲೆಕ್ಕ ತಪ್ಪಿಲ್ಲ.

ಆದರೆ ಈ ಕಪ್ಪಾಗೆ ಒಂದು ಕುರುಡಿದೆ. 3ಕ್ಕೆ 4 ಕೊಟ್ಟರೂ, 1ಕ್ಕೆ 4 ಕೊಟ್ಟರೂ ಅದಕ್ಕೆ ಎರಡೂ ಒಂದೇ ತಪ್ಪು. ರೋಗ ಇದೆ, ಇಲ್ಲ ಅಂತ ವಿಂಗಡಿಸುವಾಗ ಅದು ಸರಿ. ರುಬ್ರಿಕ್‌ನ ಹಂತಗಳಿಗೆ ಏರುವ ಕ್ರಮ ಇದೆಯಲ್ಲ. ಕೋಹೆನ್ 1960ರಲ್ಲಿ ಮೊದಲ ಕಪ್ಪಾ ಕೊಟ್ಟು, 1968ರಲ್ಲಿ ವೇಟೆಡ್ ಕಪ್ಪಾ ಕೊಟ್ಟಿದ್ದು ಇಂಥದ್ದಕ್ಕೇ. ನಿಮ್ಮ ಪಟ್ಟಿ ನೋಡಿ: 19 ವ್ಯತ್ಯಾಸಗಳಲ್ಲಿ ಒಂದೂ ಎರಡು ಹಂತದ್ದಲ್ಲ. ದೂರಕ್ಕೆ ತಕ್ಕಂತೆ ದಂಡ ಹಾಕಿದರೆ, ಅಂದರೆ ಲೀನಿಯರ್ ಆದರೆ 0.43. ದೂರದ ವರ್ಗಕ್ಕೆ ದಂಡ ಹಾಕಿದರೆ, ಅಂದರೆ ಕ್ವಾಡ್ರಾಟಿಕ್ ಆದರೆ 0.58.

```python
from sklearn.metrics import cohen_kappa_score
cohen_kappa_score(a, b, labels=[1, 2, 3, 4],
                  weights="quadratic")
```

`a` ನಿಮ್ಮ ಅಂಕಗಳ ಪಟ್ಟಿ, `b` ಅವರದ್ದು. `labels` ಬಿಡಬೇಡಿ. ಇಬ್ಬರೂ 2 ಅನ್ನು ಒಮ್ಮೆಯೂ ಕೊಡದಿದ್ದರೆ ಪ್ರೋಗ್ರಾಂ 1 ಮತ್ತು 3ನ್ನು ಅಕ್ಕಪಕ್ಕದ ಹಂತ ಅಂದುಕೊಂಡುಬಿಡುತ್ತದೆ. ಎಸ್‌ಪಿಎಸ್‌ಎಸ್‌ನ ಕ್ರಾಸ್‌ಟ್ಯಾಬ್ಸ್‌ನಲ್ಲಿ ಕಪ್ಪಾ ಟಿಕ್ ಮಾಡಿದರೆ ಬರುವುದು ವೇಟ್ ಇಲ್ಲದ್ದೇ. ನೀವು ಅದನ್ನೇ ತೆಗೆದಿರಬೇಕು.

ಕೇಳಿದವರು:
ಹೌದು ಸರ್, ಅಲ್ಲೇ ತೆಗೆದದ್ದು! ಹಾಗಾದರೆ 0.58 ಬರೆದುಬಿಡಲಾ? 0.6ಕ್ಕೆ ಹತ್ತಿರ ಇದೆಯಲ್ವಾ?

ಪರೀಕ್ಷಾ ಮಾಪನದಲ್ಲಿ ಕೆಲಸ ಮಾಡುವವರು:
ಅಲ್ಲೇ ಎಚ್ಚರ ಬೇಕು. ಒಂದೇ ಪಟ್ಟಿ, ಮೂರು ಸಂಖ್ಯೆ. ಚೆಂದ ಕಂಡದ್ದನ್ನು ಆರಿಸಿಕೊಂಡರೆ ಓದುವವರಿಗೆ ಗೊತ್ತಾಗುತ್ತದೆ. ಯಾವ ವೇಟ್ ಅಂತ ಅಂಕ ನೋಡುವ ಮೊದಲೇ ತೀರ್ಮಾನಿಸಿರಬೇಕಿತ್ತು. ಈಗ ಮೂರನ್ನೂ, ಪಟ್ಟಿಯನ್ನೂ ಹಾಕಿ. ಪಟ್ಟಿ ಇದ್ದರೆ ಯಾರು ಬೇಕಾದರೂ ಲೆಕ್ಕ ಹಾಕಿಕೊಳ್ಳುತ್ತಾರೆ.

ಗೈಡ್ ಹೇಳುವ 0.6 ಬಹುಶಃ ಲ್ಯಾಂಡಿಸ್ ಮತ್ತು ಕಾಖ್ 1977ರಲ್ಲಿ ಕೊಟ್ಟ ಪಟ್ಟಿಯ ಗೆರೆ. ಆ ಗೆರೆಗಳನ್ನು ತಮ್ಮ ಮನಸ್ಸಿಗೆ ಬಂದಂತೆ ಎಳೆದದ್ದು ಅಂತ ಅವರೇ ಒಪ್ಪಿಕೊಂಡಿದ್ದರು. ಜೊತೆಗೆ ನಿಮ್ಮದು 60 ಪ್ರಬಂಧ ಮಾತ್ರ. 0.31ರ ಸುತ್ತ ಶೇ. 95ರ ವಿಶ್ವಾಸದ ಅಂತರ ಹಾಕಿದರೆ ಸುಮಾರು 0.06ರಿಂದ 0.57 ಬರುತ್ತದೆ. ಇಷ್ಟು ಅಗಲದ ಮೇಲೆ 0.58 ಹೌದೋ 0.60 ಹೌದೋ ಅಂತ ಜಗಳ ಆಡುವುದರಲ್ಲಿ ಅರ್ಥ ಇಲ್ಲ.

ಹೈಸ್ಕೂಲ್ ಕನ್ನಡ ಮೇಷ್ಟ್ರು:
ಒಪ್ಪಿದೆ ಸರ್, ನಮ್ಮ 0.8 ರಾಜಿಯದ್ದೇ. ಆದರೆ ಕೋರಿಲೇಶನ್ ಯಾಕೆ ಬೇಡ ಅಂತ ಹೇಳಲಿಲ್ಲ.

ಪರೀಕ್ಷಾ ಮಾಪನದಲ್ಲಿ ಕೆಲಸ ಮಾಡುವವರು:
ಇವರ ಪಟ್ಟಿಯಲ್ಲಿ ಕೋರಿಲೇಶನ್ ಕೂಡ 0.58ರೇ ಬರುತ್ತದೆ ಮೇಷ್ಟ್ರೇ! ಯಾಕೆಂದರೆ ಮೇಡಂ ಕೊಟ್ಟ ಅಂಕಗಳ ಮೊತ್ತ 172, ಅವರದ್ದು 173. ಇಬ್ಬರ ಕೈಯೂ ಒಂದೇ ಬಿಗಿ. ಈಗ ರುಬ್ರಿಕ್‌ನಲ್ಲಿ ಸೊನ್ನೆಗೂ ಜಾಗ ಇದೆ, ಸಹೋದ್ಯೋಗಿ ಪ್ರತಿ ಮಗುವಿಗೂ ಒಂದೊಂದು ಅಂಕ ಕಡಿಮೆ ಕೊಟ್ಟರು ಅಂದುಕೊಳ್ಳಿ. ಕೋರಿಲೇಶನ್ ಅಲ್ಲಾಡದೆ 0.58ರಲ್ಲೇ ಕೂತಿರುತ್ತದೆ. ಕ್ವಾಡ್ರಾಟಿಕ್ ಕಪ್ಪಾ 0.25ಕ್ಕೆ ಬೀಳುತ್ತದೆ. ಮಗುವಿಗೆ ಸಿಗುವುದು ಅಂಕ ತಾನೇ, ರ‍್ಯಾಂಕಿನ ಸಾಲಲ್ಲವಲ್ಲ.

ಡಿಗ್ರಿ ಕಾಲೇಜಿನ ಇಂಗ್ಲಿಷ್ ಉಪನ್ಯಾಸಕಿ:
ನನ್ನದೂ ಇದೇ ಸಮಸ್ಯೆ. ನಾಲ್ಕು ಅಂಶ, ತಲಾ 4, ಒಟ್ಟು 16. ಒಟ್ಟು ಅಂಕಕ್ಕೆ ಕಪ್ಪಾ ಹಾಕಿದರೆ 0.12 ಬಂತು. ನಾನೂ ಕ್ವಾಡ್ರಾಟಿಕ್ ಹಾಕಿದರೆ ಸರಿ ಹೋಗುತ್ತಾ?

ಇನ್ನೊಂದು ಹೇಳಲೇಬೇಕು. ಮೊದಲ ಸಲ ನಾವು ಮಾಡಿದಾಗ 0.9 ಮೇಲೆ ಬಂದಿತ್ತು. ಸಿಹಿ ಹಂಚುವುದೊಂದು ಬಾಕಿ. ಆಮೇಲೆ ನೋಡಿದರೆ ಎರಡನೆಯವರಿಗೆ ಹೋದ ಪತ್ರಿಕೆಗಳ ಅಂಚಿನಲ್ಲಿ ನನ್ನ ಕೆಂಪು ಶಾಯಿಯ ಅಂಕ ಹಾಗೇ ಇತ್ತು! ಈಗ ಅಂಕ ಬರೆಯುವ ಮೊದಲೇ ಪತ್ರಿಕೆಗಳ ಜೆರಾಕ್ಸ್ ತೆಗೆಸಿ, ಹೆಸರು ಮುಚ್ಚಿ, ಅಂಕ ಬೇರೆ ಹಾಳೆಯಲ್ಲಿ ಹಾಕುತ್ತೇವೆ.

ಪರೀಕ್ಷಾ ಮಾಪನದಲ್ಲಿ ಕೆಲಸ ಮಾಡುವವರು:
ನಿಮ್ಮದು ಬೇರೆ ಪ್ರಶ್ನೆ ಮೇಡಂ. 16ರ ಒಟ್ಟಿನಲ್ಲಿ 11ಕ್ಕೆ 12 ಬಂದರೂ ಸಾದಾ ಕಪ್ಪಾ ಅದನ್ನು ಪೂರ್ತಿ ತಪ್ಪು ಅನ್ನುತ್ತದೆ. ಹಾಗಾಗಿ 0.12ಕ್ಕೆ ಹೆದರಬೇಡಿ. ಒಟ್ಟು ಅಂಕಕ್ಕೆ ಐಸಿಸಿ, ಅಂದರೆ ಇಬ್ಬರ ಅಂಕಗಳು ಎಷ್ಟು ಹತ್ತಿರ ಇವೆ ಅಂತ ಅಳೆಯುವ ಇಂಟ್ರಾಕ್ಲಾಸ್ ಕೋರಿಲೇಶನ್ ನೋಡಿ. ಆದರೆ ಇಬ್ಬರೂ 11 ಕೊಟ್ಟು, ಒಬ್ಬರು ವ್ಯಾಕರಣಕ್ಕೆ, ಇನ್ನೊಬ್ಬರು ವಿಚಾರಕ್ಕೆ ಅಂಕ ಹಾಕಿರಬಹುದು. ಅದಕ್ಕೇ ಅಂಶವಾರು ಕಪ್ಪಾ ಬಿಡಬೇಡಿ. ಕೆಂಪು ಶಾಯಿಯ ಕತೆ ಎಲ್ಲರೂ ಓದಲಿ.

ಮೊದಲು ಕೇಳಿದ ಮೇಡಂಗೆ ಒಂದು ಕೆಲಸ. ನಿಮ್ಮ 19 ವ್ಯತ್ಯಾಸಗಳಲ್ಲಿ 2–3ರ ನಡುವೆ ಒಂಬತ್ತು, 3–4ರ ನಡುವೆ ಎಂಟು. ಒಟ್ಟು ಹದಿನೇಳು 3ರ ಎರಡು ಬದಿಯ ಬೇಲಿಯ ಮೇಲೇ ಕೂತಿವೆ. ಬಿಗಿ, ಸಡಿಲದ ತಂಟೆ ಇದಲ್ಲ. ರುಬ್ರಿಕ್‌ನಲ್ಲಿ 3ಕ್ಕೆ ಏನು ಬರೆದಿದ್ದೀರಿ?

ಕೇಳಿದವರು (ನಾಲ್ಕು ದಿನ ಬಿಟ್ಟು):
‘ವಿಚಾರಗಳು ಬಹುಮಟ್ಟಿಗೆ ಕ್ರಮವಾಗಿವೆ’ ಅಂತ ಬರೆದಿದ್ದೆವು. ಆ ಹದಿನೇಳನ್ನು ಇಟ್ಟುಕೊಂಡು ಕೂತೆವು. ವಿಷಯ ‘ನಮ್ಮೂರ ಸಂತೆ’. ಕೆಲವು ಮಕ್ಕಳು ಬೆಳಿಗ್ಗೆ ಗಾಡಿ ಬರುವುದರಿಂದ ಸಂಜೆ ಸಂತೆ ಎದ್ದು ಹೋಗುವವರೆಗೆ ಚೆನ್ನಾಗಿ ಬರೆದಿದ್ದಾರೆ, ಆದರೆ ಎಲ್ಲವೂ ಒಂದೇ ಪ್ಯಾರಾ. ನಾನು ಕ್ರಮ ನೋಡಿ 3 ಕೊಟ್ಟಿದ್ದೆ. ಸಹೋದ್ಯೋಗಿ ಪ್ಯಾರಾ ಇಲ್ಲ ಅಂತ 2 ಕೊಟ್ಟಿದ್ದರು. ಇನ್ನೊಂದು ಗುಂಪಿನಲ್ಲಿ ಪೀಠಿಕೆ, ಮುಕ್ತಾಯ ಎರಡೂ ಇವೆ, ನಡುವೆ ಸಂತೆಯೇ ಇಲ್ಲ. ಅಲ್ಲಿ ನಾವಿಬ್ಬರೂ ಉಲ್ಟಾ. ‘ಬಹುಮಟ್ಟಿಗೆ’ ಅನ್ನೋ ಪದ ಇಬ್ಬರಿಗೂ ಬೇರೆ ಬೇರೆ ಅರ್ಥ ಕೊಟ್ಟಿತ್ತು.

ಈಗ ಪ್ಯಾರಾವನ್ನು ‘ಬರವಣಿಗೆಯ ರೂಪ’ ಅನ್ನುವ ಅಂಶಕ್ಕೆ ಕಳಿಸಿದ್ದೇವೆ. ಪ್ರತಿ ಹಂತಕ್ಕೂ ಎರಡೆರಡು ಮಾದರಿ ಪ್ರಬಂಧ ಪಕ್ಕದಲ್ಲಿಟ್ಟುಕೊಂಡಿದ್ದೇವೆ. ಈ ಅರವತ್ತನ್ನೇ ಮತ್ತೆ ನೋಡಿದರೆ ಆಗುತ್ತಾ?

ಪರೀಕ್ಷಾ ಮಾಪನದಲ್ಲಿ ಕೆಲಸ ಮಾಡುವವರು:
ಆಗದು, ಅವು ನಿಮಗೆ ಬಾಯಿಪಾಠ ಆಗಿವೆ. ಹೊಸ ಪ್ರಬಂಧ ಬೇಕು, ಸಾಧ್ಯವಾದರೆ ನೂರರ ಹತ್ತಿರ. ಒಂದೇ ಸೆಕ್ಷನ್ನಿನಿಂದ ತರಬೇಡಿ. ಎಲ್ಲರೂ 3ರ ಆಸುಪಾಸಿನಲ್ಲೇ ಇದ್ದರೆ ಎಷ್ಟು ಚೆನ್ನಾಗಿ ಓದಿದರೂ ಕಪ್ಪಾ ಕೆಳಗೇ ಎಳೆಯುತ್ತದೆ. ಎರಡು ಮೂರು ಶಾಲೆಗಳಿಂದ ತಂದರೆ 1 ಮತ್ತು 4 ಕೂಡ ಸಿಗುತ್ತವೆ. ಎಲ್ಲಿಂದ ಹೇಗೆ ಆರಿಸಿದಿರಿ ಅಂತ ಬರೆಯಿರಿ, ಯಾಕೆಂದರೆ ಕಪ್ಪಾ ಏರಿದ್ದು ರುಬ್ರಿಕ್‌ನಿಂದಲೋ ಮಕ್ಕಳ ಮಿಶ್ರಣದಿಂದಲೋ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಮೊದಲ 0.31 ಮುಚ್ಚಿಡಬೇಡಿ.

ಕೇಳಿದವರು:
ಗೈಡ್ ಈಗ ಲೀನಿಯರ್ ಕೊಡಿ ಅಂತಾರೆ. 2ಕ್ಕೆ 4 ಕೊಡುವುದು 2ಕ್ಕೆ 3 ಕೊಡುವುದರ ನಾಲ್ಕು ಪಟ್ಟು ತಪ್ಪು ಅಂತ ಯಾರು ಹೇಳಿದ್ದು, ಎರಡು ಪಟ್ಟು ಸಾಕಲ್ವಾ ಅನ್ನೋದು ಅವರ ವಾದ.

ಹೈಸ್ಕೂಲ್ ಕನ್ನಡ ಮೇಷ್ಟ್ರು:
ಮೇಡಂ ಅವರ ಗೈಡ್ ಹೇಳೋದರಲ್ಲೂ ನ್ಯಾಯ ಇದೆಯಲ್ಲ ಸರ್?

ಪರೀಕ್ಷಾ ಮಾಪನದಲ್ಲಿ ಕೆಲಸ ಮಾಡುವವರು:
ಇದೆ. ಪ್ರಬಂಧ ಮೌಲ್ಯಮಾಪನದಲ್ಲಿ ಕ್ವಾಡ್ರಾಟಿಕ್ ಹೆಚ್ಚು ಬಳಕೆಯಲ್ಲಿದೆ, ಬೇರೆಯವರ ಜೊತೆ ಹೋಲಿಸಲು ಅನುಕೂಲ ಅಂತ ನಾನು ಅದನ್ನು ಹಿಡಿಯುತ್ತೇನೆ. ನಾಲ್ಕೇ ಹಂತ ಇರುವಾಗ ಲೀನಿಯರ್ ಸರಿ ಅನ್ನುವವರ ಜೊತೆ ವಾದ ಮಾಡಿ ನಾನೂ ಗೆದ್ದಿಲ್ಲ. ಹೊಸ ಪ್ರಬಂಧ ಕೈಗೆ ಬರುವ ಮೊದಲು ಒಂದನ್ನು ಬರೆದಿಟ್ಟು ಗೈಡ್ ಹತ್ತಿರ ಸಹಿ ಹಾಕಿಸಿಕೊಳ್ಳಿ.