ಚಂದಾ ಪಾಝ್ ಮಾಡಿದರೆ ಡೌನ್‌ಲೋಡ್ ಹಾಡುಗಳ ಗತಿ ಏನು?

ದಿನೇಶ್: ಸಾರ್, ಹಡಗಿನ ಕೆಲಸ. ಮೂರು ತಿಂಗಳು ನೆಟ್ ಇಲ್ಲ. ಯೂಟ್ಯೂಬ್ ಮ್ಯೂಸಿಕ್‌ನಲ್ಲಿ ಯಕ್ಷಗಾನ ಪದಗಳನ್ನು ಡೌನ್‌ಲೋಡ್ ಮಾಡಿದ್ದೇನೆ. ಕ್ಯಾನ್ಸಲ್ ಬದಲು ಪಾಝ್ ಮಾಡಿ ಅದನ್ನೇ ಕೇಳಬಹುದಾ?

ರಾಘವೇಂದ್ರ, ಮೊಬೈಲ್ ಸರ್ವಿಸ್: ಆಗಲ್ಲ ದಿನೇಶ್. ಪಾಝ್ ಮಾಡಿದರೆ ಹಾಡು ಫೋನಿನಲ್ಲೇ ಇರುತ್ತದೆ, ಜಾಗವನ್ನೂ ತಿನ್ನುತ್ತದೆ, ಆದರೆ ಚಂದಾ ಮತ್ತೆ ಶುರುವಾಗುವವರೆಗೆ ತೆರೆಯುವುದಿಲ್ಲ. ನಿಮ್ಮ ಬಿಲ್ 12ನೇ ತಾರೀಕು ಅಂದುಕೊಳ್ಳಿ. ಇವತ್ತು 3ಕ್ಕೆ ಪಾಝ್ ಒತ್ತಿದರೂ 12ರವರೆಗೆ ದುಡ್ಡು ಕೊಟ್ಟಾಗಿದೆ, ಕೇಳಬಹುದು. ಆಮೇಲೆ ಬೀಗ. ಒಂದರಿಂದ ಆರು ತಿಂಗಳವರೆಗೆ ಎಷ್ಟು ಆರಿಸುತ್ತೀರೋ ಅಷ್ಟು ಮುಗಿದ ಮೇಲೆ ತಾನಾಗಿ ದುಡ್ಡು ಕಟ್ ಆಗುತ್ತದೆ. ಲೈಬ್ರರಿ, ಪ್ಲೇಲಿಸ್ಟ್ ನಿಮ್ಮ ಅಕೌಂಟಿನಲ್ಲಿರುತ್ತದೆ, ಅದಕ್ಕೇನೂ ಆಗಲ್ಲ.

ನನಗೆ ಚಿಂತೆ ಬೇರೆ. ಪಾಝ್ ಮಾಡದೇ ಹೋದರೂ ನಿಮಗೆ ತೊಂದರೆ ಇದೆ. 30 ದಿನಕ್ಕೊಮ್ಮೆಯಾದರೂ ಫೋನ್ ನೆಟ್ ನೋಡಬೇಕು, ಇಲ್ಲದಿದ್ದರೆ ಡೌನ್‌ಲೋಡ್ ಮಾಡಿದ ಹಾಡು ಓಡುವುದಿಲ್ಲ. ಮೂರು ತಿಂಗಳು ದುಡ್ಡು ಕಟ್ಟಿ, ಮೊದಲ 30 ದಿನ ಕಳೆದ ಮೇಲೆ ಸುಮ್ನೆ ಕೂರಬೇಕಾಗುತ್ತದೆ.

ಶ್ವೇತಾ: ಪಾಝ್ ಮಾಡಿದ್ರೆ ಡೌನ್‌ಲೋಡ್ ಹೋಗುತ್ತಾ ಸಾರ್?

ರಾಘವೇಂದ್ರ: ಮೇಲೆ ಓದಿ.

ಮಂಜು: ಅಣ್ಣಾ, ಫ್ಲೈಟ್ ಮೋಡ್ ಹಾಕಿ ತಾರೀಕು ಹಿಂದಕ್ಕೆ ಇಟ್ಟರೆ ಆಯ್ತು ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ಫೋಲ್ಡರ್ ಕಾರ್ಡಿಗೆ ಕಾಪಿ ಮಾಡಿದರೂ ಓಡುತ್ತಂತೆ.

ರಾಘವೇಂದ್ರ: ಫಾರ್ವರ್ಡ್ ನಂಬಿ ಹಡಗು ಹತ್ತಬೇಡಿ ಮಾರಾಯ್ರೆ. ಆ ಫೈಲ್ ಆ ಆಪ್ ಬಿಟ್ಟು ಬೇರೆ ಯಾವ ಪ್ಲೇಯರ್‌ನಲ್ಲೂ ಓಡಲ್ಲ. ಕಾಪಿ ಮಾಡಿದ ಮೇಲೆ ಜಾಗ ಬೇಕು ಅಂತ ಆಪ್‌ನ ಡೇಟಾ ಕ್ಲಿಯರ್ ಮಾಡಿದವರು ನನ್ನ ಅಂಗಡಿಗೇ ಬರುತ್ತಾರೆ. ಆಗ ಇದ್ದದ್ದೂ ಹೋಗಿರುತ್ತದೆ.

ಶಿವಪ್ರಸಾದ್: ಲೈಬ್ರರಿಗೆ ಏನೂ ಆಗಲ್ಲ ಅನ್ನೋದು ಸುಳ್ಳು. ನಾನು ಆಪಲ್ ಮ್ಯೂಸಿಕ್ ಬಿಟ್ಟಾಗ ಸೇರಿಸಿದ ಹಾಡು ಒಂದೂ ಓಡಲಿಲ್ಲ.

ಶ್ವೇತಾ: ಸ್ಪಾಟಿಫೈ ಪ್ರೀಮಿಯಂ ಬಿಟ್ಟಾಗ ನನ್ನ ಪ್ಲೇಲಿಸ್ಟ್ ಎಲ್ಲ ಇತ್ತಲ್ಲ. ಡೌನ್‌ಲೋಡ್ ಮಾತ್ರ ಹೋಯ್ತು.

ಶಿವಪ್ರಸಾದ್: ನಿಮ್ಮದು ಬಿಟ್ಟಿ ಆಪ್, ಜಾಹೀರಾತು ಕೇಳ್ಕೊಂಡು ಇರಿ.

ಶ್ವೇತಾ: ನಾನೇನು ನಿಮ್ಮನ್ನ ಕೇಳಿದ್ನಾ?

ರಾಘವೇಂದ್ರ: ಇಬ್ಬರದೂ ಸರಿ, ಆಪ್ ಬೇರೆ. ನೀವಿಬ್ಬರೂ ಹೇಳುತ್ತಿರುವುದು ಕ್ಯಾನ್ಸಲ್ ಮಾಡಿದ್ದು. ದಿನೇಶ್ ಕೇಳಿದ್ದು ಪಾಝ್. ಜಗಳ ಬೇರೆ ಕಡೆ ಮಾಡಿ.

ಫಾತಿಮಾ: ಫ್ಯಾಮಿಲಿ ಪ್ಲಾನ್‌ನಲ್ಲಿ ನಾನೊಬ್ಬಳೇ ಪಾಝ್ ಮಾಡಬಹುದಾ?

ಮಂಜು: ನನ್ನ ಐಫೋನ್‌ನಲ್ಲಿ ಪಾಝ್ ಕಾಣಿಸ್ತಾನೇ ಇಲ್ಲ.

ರಾಘವೇಂದ್ರ: ಆಪಲ್ ಮೂಲಕ ದುಡ್ಡು ಕಟ್ಟುತ್ತಿದ್ದರೆ ಬರಲ್ಲ.

ದಿನೇಶ್: ಅಪ್ಪನ ಕ್ಯಾಸೆಟ್‌ಗಳಿಂದ ಮಾಡಿದ ಎಂಪಿ3 ಪೆನ್‌ಡ್ರೈವ್‌ನಲ್ಲಿವೆ. ಅದನ್ನ ಯೂಟ್ಯೂಬ್ ಮ್ಯೂಸಿಕ್‌ಗೆ ಅಪ್‌ಲೋಡ್ ಮಾಡಲಾ?

ರಾಘವೇಂದ್ರ: ಅಪ್‌ಲೋಡ್ ಯಾಕೆ? ನೇರ ಫೋನಿಗೆ ಕಾಪಿ ಮಾಡಿ, ಯಾವುದಾದರೂ ಪ್ಲೇಯರ್‌ನಲ್ಲಿ ಹಾಕಿ. ಅದಕ್ಕೆ ಚಂದಾನೂ ಬೇಡ, 30 ದಿನದ ಲೆಕ್ಕವೂ ಇಲ್ಲ. ಹೋಗುವ ಮುಂಚೆ ನೆಟ್ ಆಫ್ ಮಾಡಿ ಒಮ್ಮೆ ಹಾಕಿ ನೋಡಿ.

ಫಾತಿಮಾ: ಫ್ಯಾಮಿಲಿ ಪ್ಲಾನ್ ಬಗ್ಗೆ ಕೇಳಿದ್ದೆ...

ಶ್ವೇತಾ: ಶಿವಪ್ರಸಾದ್ ಅವರೇ, ಆ ಬಿಟ್ಟಿ ಮಾತು ಡಿಲೀಟ್ ಮಾಡಿ ಮೊದಲು.