ಪ್ಯಾಕೆಟ್ ಹಾಲಿನ ಮೇಲೆ ಕೆನೆ ಯಾಕೆ ಕಟ್ಟುವುದಿಲ್ಲ?

ಪ್ರಶ್ನೆ: "ಹೋಮೋಜಿನೈಸ್ಡ್ ಅಂತ ಬರೆದಿರೋ ಹಾಲು ತಂದೆ. ರಾತ್ರಿಯೆಲ್ಲ ಫ್ರಿಜ್‌ನಲ್ಲಿಟ್ಟರೂ ಮೇಲೆ ಕೆನೆ ಇಲ್ಲ. ರುಚಿನೂ ಬೇರೆ ಅನ್ನಿಸ್ತಿದೆ. ಯಾಕೆ?"

ಮೊದಲ ಉತ್ತರ: ಕೊಬ್ಬು ತೆಗೆದುಬಿಟ್ಟಿರುತ್ತಾರೆ, ಅದಕ್ಕೇ. ಕಡಿಮೆ ಕೊಬ್ಬಿನ ಹಾಲು ತಂದಾಗ ನಮಗೂ ಹೀಗೇ ಆಗಿತ್ತು.

ಹಾಲಿನ ಘಟಕದಲ್ಲಿ ಕೆಲಸ ಮಾಡಿದವರು: ಕಡಿಮೆ ಕೊಬ್ಬಿನ ಹಾಲಿನ ಮಟ್ಟಿಗೆ ನೀವು ಹೇಳಿದ್ದು ಸರಿ. ಆದರೆ ಹೋಮೋಜಿನೈಸ್ ಮಾಡುವಾಗ ಕೊಬ್ಬು ಎಲ್ಲೂ ಹೋಗುವುದಿಲ್ಲ, ಸಣ್ಣದಾಗುತ್ತದೆ ಅಷ್ಟೆ. ಹಸಿ ಹಾಲಿನಲ್ಲಿ ಕೊಬ್ಬಿನ ಹನಿಗಳು ಸರಾಸರಿ 3–4 ಮೈಕ್ರಾನ್ ಇರುತ್ತವೆ; ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಹಾಲನ್ನು 60 ಡಿಗ್ರಿ ದಾಟಿಸಿ, 150–200 ಬಾರ್ ಒತ್ತಡದಲ್ಲಿ ಕೂದಲಿನಷ್ಟು ಸಣ್ಣ ಸಂದಿಯಲ್ಲಿ ನುಗ್ಗಿಸುತ್ತೇವೆ. ಹನಿಗಳು ಒಡೆದು 1 ಮೈಕ್ರಾನ್‌ಗಿಂತ ಕಡಿಮೆಯಾಗುತ್ತವೆ. ಹನಿಯ ಅಗಲ ಎಂಟನೇ ಒಂದು ಭಾಗಕ್ಕಿಳಿದರೆ ಅದು ಮೇಲೇರುವ ವೇಗ 64ನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಸಿ ಹಾಲಿನಲ್ಲಿ ಹನಿಗಳು ಒಂದಕ್ಕೊಂದು ಅಂಟಿ ಗುಂಪಾಗಿ ಬೇಗ ಮೇಲೆ ಬರುತ್ತವೆ. ಇಲ್ಲಿ ಒಡೆದ ಹನಿಗಳಿಗೆ ಹಾಲಿನ ಪ್ರೋಟೀನ್ ಹೊಸ ಹೊದಿಕೆಯಾಗುತ್ತದೆ. ಹಾಗಾಗಿ ಅವು ಸ್ವಲ್ಪ ಭಾರವೂ ಆಗುತ್ತವೆ, ಗುಂಪೂ ಕಟ್ಟುವುದಿಲ್ಲ.

ಒಮ್ಮೆ ಹಾಲು ನುಗ್ಗಿಸುವ ಆ ಸಂದಿಯ ವಾಲ್ವ್ ಸವೆದಿತ್ತು. ಗೇಜ್‌ನಲ್ಲಿ ಒತ್ತಡ ಸರಿಯಾಗೇ ಇತ್ತು. ಮರುದಿನ ಗಾಜಿನ ಜಾಡಿಯಲ್ಲಿಟ್ಟ ಹಾಲಿನ ಮೇಲಂಚಿನಲ್ಲಿ ಕೆನೆಯ ತೆಳು ಹಳದಿ ಗೆರೆ ಕಂಡಿತು. ನಾನಂತೂ ಅವತ್ತಿನಿಂದ ಗೇಜ್‌ಗಿಂತ ಜಾಡಿಯನ್ನೇ ನಂಬುತ್ತೇನೆ.

ಮತ್ತೊಬ್ಬರು: ನಮ್ಮನೆಯಲ್ಲಿ ಕಾಯಿಸಿದರೆ ಕೆನೆ ಬರುತ್ತದಲ್ಲ?

ಘಟಕದವರು: ಅದು ಬೇರೆ. ಕಾಯಿಸಿದಾಗ ಮೇಲ್ಭಾಗದ ನೀರು ಆವಿಯಾಗಿ ಪ್ರೋಟೀನ್ ಹೆಪ್ಪುಗಟ್ಟಿ ಪದರವಾಗುತ್ತದೆ, ಸ್ವಲ್ಪ ಕೊಬ್ಬೂ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಹೋಮೋಜಿನೈಸ್ಡ್ ಹಾಲಿನಲ್ಲೂ ಬರುತ್ತದೆ, ಆದರೆ ತೆಳು. ಬೆಣ್ಣೆ ತೆಗೆಯುವ ಆಸೆ ಬೇಡ.

ಇನ್ನೊಬ್ಬರು: ನನ್ನ ಕಥೆ ಕೇಳಿ. ಉಳಿದಿದ್ದ ಹಸಿ ಹಾಲನ್ನು ಹೋಮೋಜಿನೈಸ್ಡ್ ಹಾಲಿಗೆ ಸುಮ್ನೆ ಬೆರೆಸಿ ಫ್ರಿಜ್‌ನಲ್ಲಿಟ್ಟೆ. ಮರುದಿನ ಹುಳಿಯಾಗಿರಲಿಲ್ಲ, ಒಡೆದಿರಲೂ ಇಲ್ಲ. ಆದರೆ ಸೋಪಿನ ವಾಸನೆ, ಗಂಟಲಲ್ಲಿ ಕಹಿ!

ಘಟಕದವರು: ಹಸಿ ಹಾಲಿನಲ್ಲಿ ಕೊಬ್ಬು ಒಡೆಯುವ ಲೈಪೇಸ್ ಎಂಬ ಕಿಣ್ವ ಇರುತ್ತದೆ. ಹನಿಯ ಮೂಲ ಹೊದಿಕೆ ಗಟ್ಟಿಯಾಗಿದ್ದರೆ ಅದಕ್ಕೆ ಒಳಗೆ ದಾರಿಯಿಲ್ಲ. ಹೋಮೋಜಿನೈಸ್ ಆದ ಹನಿಗೆ ಆ ರಕ್ಷಣೆ ಇಲ್ಲ. ಪಾಶ್ಚರೀಕರಣದ ಬಿಸಿ ಲೈಪೇಸನ್ನು ಕೊಲ್ಲುತ್ತದೆ, ಅದಕ್ಕೇ ಎರಡನ್ನೂ ಒಂದರ ಹಿಂದೊಂದು ಮಾಡುತ್ತಾರೆ. ನೀವು ಜೀವಂತ ಲೈಪೇಸನ್ನು ವಾಪಸ್ ಸೇರಿಸಿದಿರಿ. ಬೆರೆಸಲೇಬೇಕಿದ್ದರೆ ಹಸಿ ಹಾಲನ್ನು ಮೊದಲು ಕುದಿಸಿ, ಆರಿಸಿ.

ಕೇಳಿದವರು: ಸರಿ, ರುಚಿ ವಿಷಯ?

ಘಟಕದವರು: ಕೊಬ್ಬು ಎಲ್ಲ ಗುಟುಕಿನಲ್ಲೂ ಸಮವಾಗಿರುವುದರಿಂದ ಬಾಯಿಗೆ ಒಂದೇ ಹದ, ಬಣ್ಣ ಜಾಸ್ತಿ ಬಿಳಿ. ಮೇಲಿನ ಗುಟುಕಲ್ಲಿ ಸಿಗುವ ಬೆಣ್ಣೆಯ ಘಮ ಇರುವುದಿಲ್ಲ. ಬಿಸಿಲು ತಗುಲಿದರೆ ಈ ಹಾಲು ಬೇಗ ಕೆಟ್ಟ ವಾಸನೆ ಹಿಡಿಯುತ್ತದೆ, ಕಿಟಕಿ ಪಕ್ಕ ಇಡಬೇಡಿ.

ಮೊದಲು ಉತ್ತರಿಸಿದವರು: ನನಗೆ ಸಪ್ಪೆ ಅನ್ನಿಸುವುದು ಬಿಸಿ ಮಾಡಿದ್ದರಿಂದ ಇರಬಹುದಲ್ವಾ?

ಘಟಕದವರು: ಇರಬಹುದು. ಒಂದೇ ಹಾಲನ್ನು, ಒಂದೇ ಬಿಸಿಯಲ್ಲಿ, ಹೋಮೋಜಿನೈಸ್ ಮಾಡಿ ಮತ್ತು ಮಾಡದೆ, ಎರಡನ್ನೂ ಚೆನ್ನಾಗಿ ಕಲಕಿ ಕುಡಿಸಿದಾಗ ನಮ್ಮಲ್ಲೇ ಜಗಳವಾಗಿತ್ತು. ಅರ್ಧ ಜನ ಹೋಮೋಜಿನೈಸ್ಡ್ ಹಾಲೇ ಗಟ್ಟಿ ಅಂದರು.